ಕೊಲ್ಲುವ ವೈರಸ್, ಒಳಗೇ ಉಳಿಯುವ ವೈರಸ್

ಎರಡನೇ ಮಹಾಯುದ್ಧ ಮುಗಿದ ಕೆಲವು ವರ್ಷಗಳಲ್ಲಿ, ಪ್ಯಾರಿಸ್ಸಿನ ಪಾಸ್ಚರ್ ಸಂಸ್ಥೆಯ ಅಟ್ಟದ ಮೇಲಿನ ಪ್ರಯೋಗಾಲಯದಲ್ಲಿ, ಆಂಡ್ರೆ ಲ್ವೋಫ್ ಒಂದೇ ಒಂದು ಬ್ಯಾಕ್ಟೀರಿಯವನ್ನು ಸೂಕ್ಷ್ಮದರ್ಶಕದ ಕೆಳಗೆ ಕಾಯುತ್ತಿದ್ದರು. ಬ್ಯಾಕ್ಟೀರಿಯದ ಹೆಸರು ಬೆಸಿಲಸ್ ಮೆಗಟೀರಿಯಮ್. ಅದರ ಕೆಲವು ತಳಿಗಳಿಗೆ ವಿಚಿತ್ರ ಗುಣವೊಂದಿತ್ತು. ನೋಡಲು ಆರೋಗ್ಯವಾಗಿಯೇ ಇರುತ್ತಿದ್ದವು, ಚೆನ್ನಾಗಿಯೇ ಬೆಳೆಯುತ್ತಿದ್ದವು. ಆದರೆ ಅವು ಬೆಳೆದ ದ್ರವವನ್ನು ಬೇರೆ ತಳಿಯ ಬ್ಯಾಕ್ಟೀರಿಯಗಳ ಮೇಲೆ ಹಾಕಿದರೆ ಆ ತಳಿ ಸಾಯುತ್ತಿತ್ತು. ದ್ರವದಲ್ಲಿ ಫೇಜ್ ಇರುತ್ತಿತ್ತು. ಬ್ಯಾಕ್ಟೀರಿಯಗಳಿಗೆ ತಗಲುವ ವೈರಸ್ಸಿಗೆ ಫೇಜ್ ಎನ್ನುತ್ತಾರೆ. ಹಾಗಾದರೆ ಆರೋಗ್ಯವಂತ ಬ್ಯಾಕ್ಟೀರಿಯ ಈ ವೈರಸ್ಸನ್ನು ಸದಾ ಸ್ವಲ್ಪ ಸ್ವಲ್ಪವಾಗಿ ಹೊರಗೆ ಬಿಡುತ್ತಿರುತ್ತದೆಯೇ?

ಲ್ವೋಫ್ ಒಂದು ಬ್ಯಾಕ್ಟೀರಿಯವನ್ನು ಸಣ್ಣ ಹನಿಯೊಂದರಲ್ಲಿಟ್ಟರು. ಅದು ಎರಡಾದಾಗ ಒಂದನ್ನು ತೆಗೆದು, ಸುತ್ತಲಿನ ದ್ರವದಲ್ಲಿ ಫೇಜ್ ಇದೆಯೇ ಎಂದು ಪರೀಕ್ಷಿಸಿದರು. ಉಳಿದದ್ದು ಮತ್ತೆ ಎರಡಾಯಿತು, ಮತ್ತೆ ಪರೀಕ್ಷೆ ನಡೆಯಿತು. ಹೀಗೆ 19 ತಲೆಮಾರು ಕಳೆದರೂ ಹನಿಯಲ್ಲಿ ಒಂದು ಫೇಜ್ ಕೂಡ ಕಾಣಲಿಲ್ಲ. ಆದರೂ ಆ ಮರಿಮಕ್ಕಳೆಲ್ಲ ಫೇಜ್ ಹುಟ್ಟಿಸುವ ಗುಣವನ್ನು ಉಳಿಸಿಕೊಂಡಿದ್ದವು. ಅಪರೂಪಕ್ಕೊಮ್ಮೆ ಯಾವುದೋ ಒಂದು ಬ್ಯಾಕ್ಟೀರಿಯ ಇದ್ದಕ್ಕಿದ್ದಂತೆ ಒಡೆದುಹೋಗುತ್ತಿತ್ತು, ಆಗ ಮಾತ್ರ ಹನಿಯ ತುಂಬ ಫೇಜ್ ಸಿಗುತ್ತಿತ್ತು.

ವೈರಸ್ ಸೋರುತ್ತಿರಲಿಲ್ಲ, ಒಳಗೆ ಅಡಗಿ ಕುಳಿತಿತ್ತು. ಅಡಗಿದ ಈ ರೂಪಕ್ಕೆ ಲ್ವೋಫ್ 'ಪ್ರೋಫೇಜ್' ಎಂದು ಹೆಸರಿಟ್ಟರು. 1950ರಲ್ಲಿ ಅವರೂ ಜೊತೆಗಾರರೂ ಇಂಥ ಬ್ಯಾಕ್ಟೀರಿಯಗಳ ಮೇಲೆ ನೇರಳಾತೀತ ಕಿರಣ ಹಾಯಿಸಿದರು. ಸುಮಾರು ಒಂದು ಗಂಟೆಯಲ್ಲಿ ಹೆಚ್ಚುಕಡಿಮೆ ಎಲ್ಲವೂ ಒಟ್ಟಿಗೆ ಒಡೆದು, ಕದಡಿದಂತಿದ್ದ ದ್ರವ ತಿಳಿಯಾಯಿತು. ಅಡಗಿದ ವೈರಸ್ಸನ್ನು ಬೇಕೆಂದಾಗ ಎಬ್ಬಿಸಬಹುದು ಎಂಬುದು ಖಚಿತವಾಯಿತು.

ಎರಡು ದಾರಿ

ಈ ಆಟ ಅತ್ಯಂತ ವಿವರವಾಗಿ ಬಿಡಿಸಿಕೊಂಡಿರುವುದು ಲ್ಯಾಂಬ್ಡಾ ಎಂಬ ಫೇಜ್‌ನಲ್ಲಿ. ನಮ್ಮ ಕರುಳಿನಲ್ಲಿ ಬದುಕುವ ಇ. ಕೋಲಿ ಬ್ಯಾಕ್ಟೀರಿಯದ ಕೆ-12 ಎಂಬ ತಳಿಯನ್ನು 1922ರಿಂದಲೂ ಪ್ರಯೋಗಾಲಯಗಳು ಬೆಳೆಸುತ್ತಿದ್ದವು. ಅದರೊಳಗೊಂದು ವೈರಸ್ ಮಲಗಿದೆ ಎಂಬುದು ಸುಮಾರು ಮೂವತ್ತು ವರ್ಷ ಯಾರಿಗೂ ಹೊಳೆದಿರಲಿಲ್ಲ. ಅಮೆರಿಕದ ಮ್ಯಾಡಿಸನ್ನಿನ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿದ್ದ ಎಸ್ತರ್ ಲೆಡರ್‌ಬರ್ಗ್ 1951ರಲ್ಲಿ ಅದನ್ನು ಪತ್ತೆಹಚ್ಚಿದರು. ನೇರಳಾತೀತ ಕಿರಣ ಬಿದ್ದು ಲ್ಯಾಂಬ್ಡಾವನ್ನು ಕಳೆದುಕೊಂಡಿದ್ದ ಒಂದು ಉಪತಳಿಯನ್ನು ಮೂಲ ತಳಿಯ ಜೊತೆ ಬೆಳೆಸಿದಾಗ, ಉಪತಳಿಯ ಬೆಳೆಯನ್ನು ಯಾರೋ ಕಚ್ಚಿ ತಿಂದಂತೆ ಕಂಡದ್ದೇ ಅವರಿಗೆ ಸಿಕ್ಕ ಸುಳಿವು.

ಲ್ಯಾಂಬ್ಡಾದ ವಂಶವಾಹಿಗಳೆಲ್ಲ 48,502 ಅಕ್ಷರಗಳ ಒಂದು ಡಿಎನ್‌ಎ ಎಳೆಜೋಡಿಯಲ್ಲಿವೆ. ಫೇಜ್ ಬ್ಯಾಕ್ಟೀರಿಯದ ಹೊರಮೈಗೆ ಅಂಟಿಕೊಂಡು ಡಿಎನ್‌ಎಯನ್ನಷ್ಟೇ ಒಳಗೆ ತೂರಿಸುತ್ತದೆ. ಒಳಹೋದ ಎಳೆಯ ಎರಡು ತುದಿಗಳು ಒಂದಕ್ಕೊಂದು ಕೂಡಿ ಬಳೆಯಾಗುತ್ತವೆ. ಇಲ್ಲಿಂದ ದಾರಿ ಕವಲೊಡೆಯುತ್ತದೆ.

ಮೊದಲನೆಯದು ಲೈಟಿಕ್ ಚಕ್ರ, ಅಂದರೆ ಒಡೆಯುವ ದಾರಿ. ಬ್ಯಾಕ್ಟೀರಿಯದ ಯಂತ್ರೋಪಕರಣಗಳನ್ನು ಬಳಸಿಕೊಂಡು ಫೇಜ್ ತನ್ನ ಡಿಎನ್‌ಎಯ ಪ್ರತಿಗಳನ್ನೂ, ತಲೆ ಮತ್ತು ಬಾಲದ ಪ್ರೋಟೀನುಗಳನ್ನೂ ತಯಾರಿಸಿಕೊಳ್ಳುತ್ತದೆ. ಬಿಡಿಭಾಗಗಳು ಜೋಡಣೆಯಾಗುತ್ತವೆ. ಕೊನೆಗೆ ಒಂದು ಪ್ರೋಟೀನ್ ಒಳಪೊರೆಯಲ್ಲಿ ತೂತು ಮಾಡುತ್ತದೆ, ಇನ್ನೊಂದು ಕಿಣ್ವ ಆ ತೂತಿನಿಂದ ಹೋಗಿ ಕೋಶಗೋಡೆಯನ್ನು ಕರಗಿಸುತ್ತದೆ. ಸೋಂಕು ತಗಲಿ ಒಂದು ಗಂಟೆಯೊಳಗೆ ಬ್ಯಾಕ್ಟೀರಿಯ ಒಡೆದು ಸುಮಾರು ನೂರು ಹೊಸ ಫೇಜ್‌ಗಳು ಹೊರಬೀಳುತ್ತವೆ. ಟಿ4ನಂಥ ಫೇಜ್‌ಗಳಿಗೆ ಗೊತ್ತಿರುವುದು ಈ ಒಂದೇ ದಾರಿ.

ಎರಡನೆಯದು ಲೈಸೋಜೆನಿಕ್ ಚಕ್ರ, ಅಂದರೆ ಒಳಗೇ ಉಳಿಯುವ ದಾರಿ. ಇಂಟಿಗ್ರೇಸ್ ಎಂಬ ಕಿಣ್ವ ಫೇಜ್‌ನ ಬಳೆಯನ್ನು ಕತ್ತರಿಸಿ ಬ್ಯಾಕ್ಟೀರಿಯದ ಡಿಎನ್‌ಎಯಲ್ಲಿ ಒಂದು ಗೊತ್ತಾದ ಜಾಗದಲ್ಲಿ ಸೇರಿಸಿ ಹೊಲಿಯುತ್ತದೆ. ಆಮೇಲೆ ಬ್ಯಾಕ್ಟೀರಿಯ ಎರಡಾದಾಗಲೆಲ್ಲ ಫೇಜ್‌ನ ಡಿಎನ್‌ಎಯೂ ತಾನಾಗಿ ಎರಡಾಗುತ್ತದೆ. ಲ್ವೋಫ್ 19 ತಲೆಮಾರು ಹಿಂಬಾಲಿಸಿದ್ದು ಇಂಥದೇ ಬಾಳುವೆಯನ್ನು.

ಯಾವ ದಾರಿ ಹಿಡಿಯಬೇಕೆಂಬ ತೀರ್ಮಾನ ಪ್ರೋಟೀನುಗಳ ಹಗ್ಗಜಗ್ಗಾಟದಲ್ಲಿ ಆಗುತ್ತದೆ. 'ಸಿಐ' ಎಂಬ ಪ್ರೋಟೀನ್ ಗೆದ್ದರೆ ಅದು ಫೇಜ್‌ನ ಕೊಲ್ಲುವ ವಂಶವಾಹಿಗಳ ಬಾಗಿಲಲ್ಲೇ ಕುಳಿತು ಅವು ಕೆಲಸ ಮಾಡದಂತೆ ತಡೆಯುತ್ತದೆ. 'ಕ್ರೋ' ಎಂಬ ಪ್ರೋಟೀನ್ ಗೆದ್ದರೆ ಸಿಐ ತಯಾರಾಗುವುದೇ ನಿಲ್ಲುತ್ತದೆ, ಬ್ಯಾಕ್ಟೀರಿಯ ಒಡೆಯುತ್ತದೆ. ಒಂದೇ ಬ್ಯಾಕ್ಟೀರಿಯಕ್ಕೆ ಹಲವು ಫೇಜ್‌ಗಳು ಒಟ್ಟಿಗೆ ತಗುಲಿದಾಗ, ಅಥವಾ ಬ್ಯಾಕ್ಟೀರಿಯ ಹಸಿದಿದ್ದಾಗ, ತಕ್ಕಡಿ ಸಿಐ ಕಡೆ ವಾಲುತ್ತದೆ. ಇದರಲ್ಲಿ ಅರ್ಥವಿದೆ. ತಗುಲಿದ ಫೇಜ್‌ಗಳು ಹೆಚ್ಚಾಗಿವೆ ಎಂದರೆ ಹೊರಗೆ ಬೇಟೆ ಕಡಿಮೆಯಾಗಿದೆ ಎಂದು. ಆಗ ನೂರು ಮಕ್ಕಳನ್ನು ಹೊರದೂಡುವುದಕ್ಕಿಂತ ಒಳಗಿರುವುದೇ ಲಾಭ.

ಸಿಐ ಪ್ರೋಟೀನಿನಿಂದ ಇನ್ನೊಂದು ಪರಿಣಾಮವೂ ಇದೆ. ಒಳಗೆ ಲ್ಯಾಂಬ್ಡಾ ಮಲಗಿರುವ ಬ್ಯಾಕ್ಟೀರಿಯಕ್ಕೆ ಹೊರಗಿನಿಂದ ಇನ್ನೊಂದು ಲ್ಯಾಂಬ್ಡಾ ಬಂದು ತಗುಲಿದರೆ, ಅದನ್ನೂ ಇದೇ ಸಿಐ ಸುಮ್ಮನಾಗಿಸುತ್ತದೆ. ಎರಡು ದಾರಿಗಳನ್ನು ಬರಿಗಣ್ಣಿನಲ್ಲೇ ಗುರುತಿಸಲು ಆಗುವುದು ಇದರಿಂದಲೇ. ತಟ್ಟೆಯ ತುಂಬ ಬೆಳೆದ ಬ್ಯಾಕ್ಟೀರಿಯದ ಪದರದ ಮೇಲೆ ಟಿ4 ಬಿದ್ದಲ್ಲಿ ಪಾರದರ್ಶಕ ಚುಕ್ಕೆ ಮೂಡುತ್ತದೆ, ಏಕೆಂದರೆ ಅಲ್ಲಿ ಎಲ್ಲವೂ ಸತ್ತಿವೆ. ಲ್ಯಾಂಬ್ಡಾ ಬಿದ್ದಲ್ಲಿ ಮೂಡುವ ಚುಕ್ಕೆಯ ನಡುವೆ ಮಸುಕು ಇರುತ್ತದೆ. ಆ ಮಸುಕು ವೈರಸ್ಸನ್ನು ಒಳಗಿಟ್ಟುಕೊಂಡು ಬದುಕಿ, ಮರುಸೋಂಕಿಗೂ ಬಗ್ಗದೆ ಬೆಳೆದ ಬ್ಯಾಕ್ಟೀರಿಯಗಳದ್ದು.

ನೇರಳಾತೀತ ಕಿರಣ ಏನು ಮಾಡಿತು? ಅದು ಬ್ಯಾಕ್ಟೀರಿಯದ ಡಿಎನ್‌ಎಯನ್ನು ಹಾಳುಗೆಡವಿತು. ಹಾನಿಯ ಸುದ್ದಿ ಸಿಕ್ಕಿದೊಡನೆ ಬ್ಯಾಕ್ಟೀರಿಯದ ರಿಪೇರಿ ಪಡೆಯ ಒಂದು ಪ್ರೋಟೀನ್ ಚುರುಕಾಗುತ್ತದೆ. ಅದರ ಸಂಪರ್ಕಕ್ಕೆ ಬಂದ ಸಿಐ ತನ್ನನ್ನು ತಾನೇ ತುಂಡರಿಸಿಕೊಳ್ಳುತ್ತದೆ. ಕಾವಲು ತಪ್ಪುತ್ತದೆ, ಪ್ರೋಫೇಜ್ ತನ್ನನ್ನು ಕತ್ತರಿಸಿಕೊಂಡು ಹೊರಬಂದು ಲೈಟಿಕ್ ದಾರಿ ಹಿಡಿಯುತ್ತದೆ. ಮುಳುಗುವ ಮನೆಯಿಂದ ಹೊರಬೀಳಲು ಲ್ಯಾಂಬ್ಡಾ ಮನೆಯೊಡೆಯನದೇ ಎಚ್ಚರಿಕೆ ಗಂಟೆಯನ್ನು ಬಳಸಿಕೊಳ್ಳುತ್ತದೆ.

ಮಲಗಿದ ಫೇಜ್‌ಗಳೆಲ್ಲ ನಿರುಪದ್ರವಿಗಳೇನೂ ಅಲ್ಲ. ಗಂಟಲಮಾರಿ ಎಂದು ನಮ್ಮಲ್ಲಿ ಹೆಸರಾದ ಡಿಫ್ತೀರಿಯದ ವಿಷವನ್ನು ತಯಾರಿಸುವ ವಂಶವಾಹಿ ಆ ಬ್ಯಾಕ್ಟೀರಿಯದ ಸ್ವಂತದ್ದಲ್ಲ, ಅದರೊಳಗಿನ ಪ್ರೋಫೇಜ್‌ನದು. ಪ್ರೋಫೇಜ್ ಇಲ್ಲದ ತಳಿಗೆ ಆ ವಿಷ ಮಾಡಲು ಬರುವುದಿಲ್ಲ. ಕಾಲರಾದ ಕಥೆಯೂ ಹಾಗೆಯೇ. ಕಾಲರಾ ಬ್ಯಾಕ್ಟೀರಿಯ ಒಂದು ವಿಷವನ್ನು ಸ್ರವಿಸುತ್ತದೆಂದು ಕೋಲ್ಕತ್ತದ ಶಂಭುನಾಥ ಡೇ 1959ರಲ್ಲಿ ತೋರಿಸಿಕೊಟ್ಟರು. ಅದರ ವಂಶವಾಹಿ ಬಂದದ್ದು ಒಂದು ಫೇಜ್‌ನಿಂದ ಎಂದು ತಿಳಿದದ್ದು 1996ರಲ್ಲಿ.

ಕೋಳಿಯ ಗೆಡ್ಡೆಯಿಂದ ಬಂದ ಒಗಟು

ಪ್ರೋಫೇಜ್ ಎಂಬ ಕಲ್ಪನೆ ಬ್ಯಾಕ್ಟೀರಿಯಗಳ ಲೋಕದಿಂದ ಪ್ರಾಣಿಗಳ ಲೋಕಕ್ಕೆ ದಾಟಿದ್ದು ಒಂದು ಕೋಳಿ ವೈರಸ್ಸಿನ ದೆಸೆಯಿಂದ. ಕೋಳಿಗಳಲ್ಲಿ ಗೆಡ್ಡೆ ಹುಟ್ಟಿಸುವ ವೈರಸ್ಸನ್ನು ಪೇಟನ್ ರೌಸ್ 1911ರಲ್ಲೇ ವಿವರಿಸಿದ್ದರು. 1950ರ ದಶಕದ ಕೊನೆಯಲ್ಲಿ ಹೊವಾರ್ಡ್ ಟೆಮಿನ್ ಎಂಬ ಯುವ ಸಂಶೋಧಕ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಳಿಯ ಜೀವಕೋಶಗಳಿಗೆ ಈ ರೌಸ್ ವೈರಸ್ಸನ್ನು ಹಾಕಿ ನೋಡುತ್ತಿದ್ದರು. ಕೋಶಗಳು ಸಾಯುತ್ತಿರಲಿಲ್ಲ. ಆಕಾರ ಬದಲಿಸಿಕೊಂಡು ಕ್ಯಾನ್ಸರ್ ಕೋಶಗಳಾಗಿ, ವಿಭಜಿಸುತ್ತಲೇ ಹೋಗುತ್ತಿದ್ದವು, ಜೊತೆಗೆ ವೈರಸ್ಸನ್ನೂ ಹೊರಬಿಡುತ್ತಿದ್ದವು. ವೈರಸ್ಸಿನ ಒಂದು ತಳಿ ತಗುಲಿದರೆ ಕೋಶ ದುಂಡಗಾಗುತ್ತಿತ್ತು, ಇನ್ನೊಂದು ತಳಿ ತಗುಲಿದರೆ ಉದ್ದವಾಗುತ್ತಿತ್ತು. ಆ ಆಕಾರ ಮಗಳುಕೋಶಗಳಿಗೂ ದಾಟುತ್ತಿತ್ತು. ಅಂದರೆ ವೈರಸ್ಸಿನ ಮಾಹಿತಿ ಕೋಶದ ಸ್ವಂತ ಆಸ್ತಿಯಂತೆ ವಂಶಪಾರಂಪರ್ಯವಾಗಿ ಹರಿಯುತ್ತಿತ್ತು, ಪ್ರೋಫೇಜ್ ಹರಿಯುವ ಹಾಗೆಯೇ.

ತೊಡಕು ಒಂದೇ. ಲ್ಯಾಂಬ್ಡಾದ ಬಳಿ ಇರುವುದು ಡಿಎನ್‌ಎ, ಅದು ಬ್ಯಾಕ್ಟೀರಿಯದ ಡಿಎನ್‌ಎಯಲ್ಲಿ ನೇರವಾಗಿ ಸೇರಿಕೊಳ್ಳಬಲ್ಲದು. ರೌಸ್ ವೈರಸ್ಸಿನ ಬಳಿ ಇರುವುದು ಆರ್‌ಎನ್‌ಎ. ಡಿಎನ್‌ಎಯಿಂದ ಆರ್‌ಎನ್‌ಎ, ಆರ್‌ಎನ್‌ಎಯಿಂದ ಪ್ರೋಟೀನ್ ಎಂಬುದು ಆಗ ಎಲ್ಲರೂ ಕಲಿತ ಪಾಠ. ಮಾಹಿತಿ ಹಿಂದಕ್ಕೆ ಹರಿದದ್ದನ್ನು ಯಾರೂ ಕಂಡಿರಲಿಲ್ಲ.

ಮ್ಯಾಡಿಸನ್ನಿನಲ್ಲಿ ಕೆಲಸಕ್ಕೆ ಸೇರಿದ ಟೆಮಿನ್ ಆಕ್ಟಿನೊಮೈಸಿನ್ ಡಿ ಎಂಬ ಔಷಧವನ್ನು ಬಳಸಿ ನೋಡಿದರು. ಅದು ಡಿಎನ್‌ಎಯಿಂದ ಆರ್‌ಎನ್‌ಎ ತಯಾರಾಗುವುದನ್ನು ತಡೆಯುತ್ತದೆ. ಪೋಲಿಯೊದಂಥ ಆರ್‌ಎನ್‌ಎ ವೈರಸ್ಸುಗಳಿಗೆ ಇದರಿಂದ ಅಂಥ ತೊಂದರೆಯಿಲ್ಲ, ಅವು ಆರ್‌ಎನ್‌ಎಯಿಂದಲೇ ಆರ್‌ಎನ್‌ಎ ಮಾಡಿಕೊಳ್ಳುತ್ತವೆ. ಆದರೆ ರೌಸ್ ವೈರಸ್ಸಿನ ಉತ್ಪಾದನೆ ನಿಂತೇಹೋಯಿತು. ಹಾಗಾದರೆ ಅದರ ಆರ್‌ಎನ್‌ಎ ಹುಟ್ಟುತ್ತಿರುವುದು ಡಿಎನ್‌ಎಯಿಂದಲೇ ಇರಬೇಕು. ಸೋಂಕಿನ ಮೊದಲ ಹೆಜ್ಜೆಯಲ್ಲಿ ವೈರಸ್ಸಿನ ಆರ್‌ಎನ್‌ಎ ಡಿಎನ್‌ಎಯಾಗಿ ಬದಲಾಗಿ ಕೋಶದಲ್ಲಿ ನೆಲೆಯಾಗುತ್ತದೆ ಎಂದು ಟೆಮಿನ್ 1964ರಲ್ಲಿ ವಾದಿಸಿದರು. ನೆಲೆಯಾದ ರೂಪವನ್ನು ಪ್ರೋಫೇಜ್‌ನ ಮಾದರಿಯಲ್ಲೇ 'ಪ್ರೋವೈರಸ್' ಎಂದು ಕರೆದರು. ಔಷಧ ಇನ್ನೇನನ್ನೋ ಕೆಡಿಸಿರಬಹುದು ಎಂದು ಹೆಚ್ಚಿನವರು ತಳ್ಳಿಹಾಕಿದರು.

ಕೊಳವೆಯಲ್ಲಿ ಸಿಕ್ಕ ಉತ್ತರ

ಆರು ವರ್ಷಗಳ ನಂತರ ಉತ್ತರ ಒಂದೇ ಹೊತ್ತಿಗೆ ಎರಡು ಕಡೆಯಿಂದ ಬಂತು. ಒಂದು ಕಡೆ ಟೆಮಿನ್ ಮತ್ತು ಸತೋಶಿ ಮಿಜುತಾನಿ, ಇನ್ನೊಂದು ಕಡೆ ಎಂಐಟಿಯ ಡೇವಿಡ್ ಬಾಲ್ಟಿಮೋರ್. ಅವರ ಯೋಚನೆ ಸರಳವಾಗಿತ್ತು. ಆರ್‌ಎನ್‌ಎಯನ್ನು ಡಿಎನ್‌ಎ ಮಾಡುವ ಕಿಣ್ವವನ್ನು ಕೋಶದಿಂದ ನಿರೀಕ್ಷಿಸುವಂತಿಲ್ಲ. ಹಾಗಾದರೆ ವೈರಸ್ ಅದನ್ನು ತನ್ನ ಕಣದೊಳಗೇ ಹೊತ್ತು ತರಬೇಕು.

ಬಾಲ್ಟಿಮೋರ್ ಇಲಿಗಳಲ್ಲಿ ರಕ್ತದ ಕ್ಯಾನ್ಸರ್ ತರುವ ವೈರಸ್ಸನ್ನು ತೆಗೆದುಕೊಂಡರು. ಕೋಶಗಳಿಂದ ಬೇರ್ಪಡಿಸಿ ಶುದ್ಧಮಾಡಿದ ವೈರಸ್ ಕಣಗಳ ಹೊದಿಕೆಯನ್ನು ಸಡಿಲಿಸಿ, ಡಿಎನ್‌ಎಯ ನಾಲ್ಕು ಬಿಡಿ ಅಕ್ಷರಗಳನ್ನು ಕೊಳವೆಗೆ ಹಾಕಿದರು. ಅವುಗಳಲ್ಲಿ ಒಂದಕ್ಕೆ ವಿಕಿರಣಶೀಲ ಗುರುತು ಇತ್ತು. ಸ್ವಲ್ಪ ಹೊತ್ತಿನ ನಂತರ ಆಮ್ಲ ಸೇರಿಸಿದರು. ಬಿಡಿ ಅಕ್ಷರಗಳು ಆಮ್ಲದಲ್ಲಿ ಕರಗಿಯೇ ಇರುತ್ತವೆ, ಉದ್ದನೆಯ ಎಳೆಯಾಗಿ ಸೇರಿಕೊಂಡವು ತಳಕ್ಕಿಳಿಯುತ್ತವೆ. ಗುರುತು ತಳದಲ್ಲಿ ಸಿಕ್ಕಿತು. ಏನೋ ಒಂದು ಎಳೆ ತಯಾರಾಗಿದೆ.

ಅದು ಡಿಎನ್‌ಎಯೇ ಎಂಬುದಕ್ಕೆ ಏನು ಸಾಕ್ಷಿ? ಡಿಎನ್‌ಎಯನ್ನು ಮಾತ್ರ ಕಡಿಯುವ ಕಿಣ್ವ ಹಾಕಿದಾಗ ಎಳೆ ಪುಡಿಯಾಯಿತು, ಆರ್‌ಎನ್‌ಎ ಕಡಿಯುವ ಕಿಣ್ವಕ್ಕೆ ಅದು ಬಗ್ಗಲಿಲ್ಲ. ಅದನ್ನು ನೋಡಿ ಬರೆದದ್ದು ಆರ್‌ಎನ್‌ಎಯಿಂದಲೇ ಎಂಬುದಕ್ಕೆ? ಮೊದಲೇ ಆರ್‌ಎನ್‌ಎ ಕಡಿಯುವ ಕಿಣ್ವ ಹಾಕಿ ವೈರಸ್ಸಿನ ಆರ್‌ಎನ್‌ಎಯನ್ನು ನಾಶಮಾಡಿದರೆ ಎಳೆಯ ತಯಾರಿಕೆಯೇ ಕುಸಿಯಿತು. ಎರಡೂ ಗುಂಪುಗಳ ಲೇಖನಗಳು 1970ರ ಜೂನ್‌ನಲ್ಲಿ 'ನೇಚರ್' ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಅಚ್ಚಾದವು. 1975ರಲ್ಲಿ ಟೆಮಿನ್ ಮತ್ತು ಬಾಲ್ಟಿಮೋರರಿಗೆ ನೊಬೆಲ್ ಬಂತು. ಆ ಕಿಣ್ವವೇ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್. ಅದನ್ನು ಹೊತ್ತು, ಹೀಗೆ ಪ್ರೋವೈರಸ್ ಆಗುವ ವೈರಸ್ಸುಗಳೇ ರೆಟ್ರೊವೈರಸ್‌ಗಳು.

ಹಿಮ್ಮುಖ ನಕಲು ನಡೆಯುವ ಬಗೆ

ಈ ಗುಂಪಿನ ಅತ್ಯಂತ ಪರಿಚಿತ ಸದಸ್ಯ ಎಚ್‌ಐವಿ. ಅದರ ಕಣದಲ್ಲಿ ಸುಮಾರು 9,700 ಅಕ್ಷರಗಳ ಆರ್‌ಎನ್‌ಎಯ ಎರಡು ಪ್ರತಿಗಳಿರುತ್ತವೆ. ಜೊತೆಗೆ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಮತ್ತು ಇಂಟಿಗ್ರೇಸ್ ಕಿಣ್ವಗಳಿರುತ್ತವೆ. ರಕ್ಷಣಾ ವ್ಯವಸ್ಥೆಯ ಸಿಡಿ4 ಎಂಬ ಬಿಳಿ ರಕ್ತಕೋಶಗಳನ್ನು ಅದು ಹೊಕ್ಕುತ್ತದೆ.

ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸನ್ನು ಓಲೆಗರಿಯ ಲಿಪಿಕಾರನಂತೆ ಊಹಿಸಿಕೊಳ್ಳಬಹುದು. ಆದರೆ ಈ ಲಿಪಿಕಾರ ಪ್ರತಿ ಮಾಡಿಕೊಂಡಷ್ಟು ಭಾಗದ ಮೂಲವನ್ನು ಕೂಡಲೇ ಹರಿದುಹಾಕುತ್ತಾನೆ, ಬರೆದದ್ದನ್ನು ಇನ್ನೊಮ್ಮೆ ಓದಿ ತಿದ್ದುವುದೂ ಇಲ್ಲ. ಖಾಲಿ ಜಾಗದಿಂದ ಬರೆಯತೊಡಗಲು ಅವನಿಗೆ ಬಾರದು, ಯಾವುದಾದರೂ ಎಳೆಯನ್ನು ಮುಂದುವರಿಸಬೇಕಷ್ಟೆ. ಅದಕ್ಕಾಗಿ ವೈರಸ್ ತಾನು ಹುಟ್ಟಿದ ಕೋಶದಿಂದ ಒಂದು ಚಿಕ್ಕ ಆರ್‌ಎನ್‌ಎ ತುಣುಕನ್ನು ಕದ್ದು ತಂದಿರುತ್ತದೆ. ಅದು ವೈರಸ್ಸಿನ ಎಳೆಯಲ್ಲಿ ತಲೆಯ ಕಡೆಯಿಂದ ಇನ್ನೂರು ಅಕ್ಷರಕ್ಕೂ ಕಡಿಮೆ ದೂರದಲ್ಲಿ ಅಂಟಿಕೊಳ್ಳುತ್ತದೆ. ಅಲ್ಲಿಂದ ತಲೆಯ ಕಡೆಗೆ ನಕಲು ಶುರುವಾಗಿ ಬೇಗನೆ ಎಳೆ ಮುಗಿದುಹೋಗುತ್ತದೆ.

ಮುಂದೇನು? ವೈರಸ್ಸಿನ ಎಳೆಯ ತಲೆಯಲ್ಲಿರುವ ಕೆಲವು ಅಕ್ಷರಗಳೇ ಬಾಲದಲ್ಲೂ ಇವೆ. ಹಾಗಾಗಿ ಹೊಸದಾಗಿ ಬರೆದ ಪುಟ್ಟ ಡಿಎನ್‌ಎ ತುಣುಕು ತಲೆಯಿಂದ ಜಿಗಿದು ಬಾಲಕ್ಕೆ ಅಂಟಿಕೊಳ್ಳುತ್ತದೆ. ಅಲ್ಲಿಂದ ನಕಲು ಉದ್ದಕ್ಕೂ ಸಾಗುತ್ತದೆ. ಹಿಂದೆಯೇ ಮೂಲ ಆರ್‌ಎನ್‌ಎ ನಾಶವಾಗುತ್ತ ಬರುತ್ತದೆ, ಒಂದು ಗಟ್ಟಿ ತುಣುಕು ಮಾತ್ರ ಉಳಿಯುತ್ತದೆ. ಎರಡನೇ ಡಿಎನ್‌ಎ ಎಳೆ ಬರೆಯಲು ಅದೇ ಆಸರೆ. ಅಲ್ಲಿಯೂ ಇನ್ನೊಂದು ಜಿಗಿತವಿದೆ. ಕೊನೆಗೆ ಜೋಡಿ ಎಳೆಯ ಡಿಎನ್‌ಎ ಸಿದ್ಧವಾದಾಗ ಅದರ ಎರಡೂ ತುದಿಗಳಲ್ಲಿ ಸುಮಾರು 630 ಅಕ್ಷರಗಳ ಒಂದೇ ಪಾಠ ಇರುತ್ತದೆ.

ಇಷ್ಟೆಲ್ಲ ಜಿಗಿತ ಯಾಕೆ ಬೇಕು? ಯಾವುದೇ ವಂಶವಾಹಿಯಿಂದ ಆರ್‌ಎನ್‌ಎ ತೆಗೆಯುವ ಕೆಲಸ ಅದರ ಮುಂದಿರುವ 'ಇಲ್ಲಿಂದ ಶುರುಮಾಡು' ಎಂಬ ಸೂಚನೆಯ ನಂತರ ಆರಂಭವಾಗುತ್ತದೆ. ಸೂಚನೆ ಆರ್‌ಎನ್‌ಎಯ ತಲೆಗೆ ಬರುವುದಿಲ್ಲ. ಹಾಗೆಯೇ ನಕಲು ಮಾಡಿದರೆ ಮುಂದಿನ ತಲೆಮಾರಿನ ಪ್ರೋವೈರಸ್ಸಿಗೆ ಆರಂಭದ ಸೂಚನೆಯೇ ಇರದೆ ಅದು ಮೂಕವಾಗುತ್ತದೆ. ಸೂಚನೆಯ ಒಂದು ಪ್ರತಿ ಆರ್‌ಎನ್‌ಎಯ ಬಾಲದಲ್ಲಿ ಉಳಿದಿರುತ್ತದೆ. ಜಿಗಿತಗಳು ಅದನ್ನು ತಲೆಯ ಕಡೆಗೂ ನಕಲಿಸುತ್ತವೆ. ಹೀಗೆ ಪ್ರತಿ ತಲೆಮಾರಿನಲ್ಲೂ ಕಳೆದುಹೋದದ್ದು ಮರಳಿ ಸಿಗುತ್ತದೆ.

ತಿದ್ದುವ ಅಭ್ಯಾಸ ಇಲ್ಲದ್ದರ ಪರಿಣಾಮ ದೊಡ್ಡದು. ಸರಾಸರಿ ಮೂರು ನಕಲಿನಲ್ಲಿ ಒಂದರಲ್ಲಿ ಹೊಸದೊಂದು ತಪ್ಪು ನುಸುಳುತ್ತದೆ. ಚಿಕಿತ್ಸೆ ಇಲ್ಲದ ದೇಹದಲ್ಲಿ ದಿನಕ್ಕೆ ನೂರಾರು ಕೋಟಿ ವೈರಸ್ ಕಣಗಳು ಹುಟ್ಟುವುದರಿಂದ, ಯಾವುದೇ ಒಂದು ಔಷಧವನ್ನು ತಪ್ಪಿಸಿಕೊಳ್ಳುವ ತಪ್ಪು ಎಲ್ಲೋ ಒಂದು ಕಡೆ ಆಗಿಯೇ ಇರುತ್ತದೆ. 1987ರಲ್ಲಿ ಬಂದ ಮೊದಲ ಔಷಧ ಎಝಡ್‌ಟಿಯನ್ನು ಒಂಟಿಯಾಗಿ ಕೊಟ್ಟಾಗ ಅದರ ಪ್ರಭಾವ ಹೆಚ್ಚು ಕಾಲ ನಿಲ್ಲದೇ ಹೋದದ್ದು ಹೀಗೆ. ಒಂದೇ ಕಣದಲ್ಲಿ ಮೂರು ಔಷಧಗಳಿಗೂ ಬೇಕಾದ ತಪ್ಪುಗಳು ಒಟ್ಟಿಗೆ ಸೇರುವುದು ಬಹಳ ಕಷ್ಟ. ಮೂರನ್ನು ಜೊತೆಯಾಗಿ ಕೊಡುವುದರ ಗುಟ್ಟು ಅದೇ.

ಹೋಲಿಕೆ ಎಲ್ಲಿ ಮುಗಿಯುತ್ತದೆ

ಡಿಎನ್‌ಎ ಸಿದ್ಧವಾದ ಮೇಲೆ ಇಂಟಿಗ್ರೇಸ್ ಅದನ್ನು ಕೋಶದ ವರ್ಣತಂತುವಿನಲ್ಲಿ ಸೇರಿಸುತ್ತದೆ. ಇಲ್ಲಿಯವರೆಗೆ ಪ್ರೋವೈರಸ್ಸಿಗೂ ಪ್ರೋಫೇಜ್‌ಗೂ ಹೋಲಿಕೆ ಹೊಂದುತ್ತದೆ. ಮುಂದೆ ಮೂರು ಕಡೆ ದಾರಿ ಬೇರೆಯಾಗುತ್ತದೆ.

ಲ್ಯಾಂಬ್ಡಾ ಗೊತ್ತಾದ ಒಂದು ಜಾಗದಲ್ಲಿ ಕೂರುತ್ತದೆ, ಬೇಕಾದಾಗ ಅಲ್ಲಿಂದ ಅಚ್ಚುಕಟ್ಟಾಗಿ ಕತ್ತರಿಸಿಕೊಂಡು ಹೊರಬರುತ್ತದೆ. ಎಚ್‌ಐವಿ ಕೋಶದ ಚುರುಕಾದ ವಂಶವಾಹಿಗಳಿರುವ ಪ್ರದೇಶಗಳಲ್ಲಿ ಎಲ್ಲಿ ಬೇಕಾದರೂ ಕೂರಬಹುದು, ಆದರೆ ಕೂತ ಮೇಲೆ ಹೊರಬರುವ ಕಿಣ್ವ ಅದರ ಬಳಿ ಇಲ್ಲ. ಕೋಶ ಇರುವಷ್ಟು ಕಾಲ ಅದೂ ಇರುತ್ತದೆ.

ಲ್ಯಾಂಬ್ಡಾಕ್ಕೆ ಮಲಗುವುದು ಇಲ್ಲವೇ ಕೊಲ್ಲುವುದು, ಎರಡರಲ್ಲಿ ಒಂದೇ. ರೆಟ್ರೊವೈರಸ್ ಪ್ರೋವೈರಸ್ಸಾಗಿ ಕೂತಲ್ಲಿಂದಲೇ ಆರ್‌ಎನ್‌ಎ ಹೊರಡಿಸಿ, ಹೊಸ ಕಣಗಳನ್ನು ಕೋಶದ ಹೊರಪೊರೆಯಿಂದ ಮೊಗ್ಗಿನಂತೆ ಹೊರಬಿಡಬಲ್ಲದು. ಅದಕ್ಕೆ ಕೋಶ ಒಡೆಯಲೇಬೇಕೆಂದಿಲ್ಲ. ಟೆಮಿನ್ನರ ತಟ್ಟೆಯಲ್ಲಿ ಕೋಶಗಳು ಬದುಕಿದ್ದೇ ವೈರಸ್ ಬಿಡುತ್ತಿದ್ದದ್ದು ಹೀಗೆ. ಎಚ್‌ಐವಿ ಚುರುಕಾಗಿ ಬೆಳೆದ ಸಿಡಿ4 ಕೋಶಗಳು ಕೆಲವೇ ದಿನಗಳಲ್ಲಿ ಸಾಯುತ್ತವೆ ಎಂಬುದು ಬೇರೆ ಮಾತು.

ಮೂರನೆಯದೇ ಅತಿ ಮುಖ್ಯ. ಲ್ಯಾಂಬ್ಡಾ ತನ್ನ ನಿದ್ದೆಯನ್ನು ತನ್ನದೇ ಸಿಐ ಪ್ರೋಟೀನಿನಿಂದ ಕಾಯ್ದುಕೊಳ್ಳುತ್ತದೆ. ಎಚ್‌ಐವಿಗೆ ಅಂಥ ಕಾವಲುಗಾರನಿಲ್ಲ. ಸೋಂಕು ತಗುಲಿದ ಸಿಡಿ4 ಕೋಶ ಅಪರೂಪಕ್ಕೆ ಸಾಯದೆ ಉಳಿದು, ಕೆಲಸ ಮುಗಿಸಿ ವಿಶ್ರಾಂತಿಗೆ ಹೋಗುತ್ತದೆ. ಹಿಂದಿನ ರೋಗಾಣುವನ್ನು ನೆನಪಿಟ್ಟುಕೊಂಡು ವರ್ಷಗಟ್ಟಲೆ ಬಾಳುವುದೇ ಅಂಥ ಕೋಶಗಳ ಕೆಲಸ. ವಿಶ್ರಮಿಸುವ ಕೋಶದಲ್ಲಿ ಆರ್‌ಎನ್‌ಎ ತೆಗೆಯಲು ಬೇಕಾದ ಪ್ರೋಟೀನುಗಳು ಸಾಲದೆ ಪ್ರೋವೈರಸ್ಸೂ ಮೌನವಾಗುತ್ತದೆ. ಆ ಕೋಶವನ್ನು ರಕ್ಷಣೆಗೆ ಕರೆದ ದಿನ ವೈರಸ್ಸೂ ಏಳುತ್ತದೆ. ಲ್ಯಾಂಬ್ಡಾ ಏಳುವುದು ಆಶ್ರಯ ಕೊಟ್ಟವನು ಸಾಯುವ ಸ್ಥಿತಿಯಲ್ಲಿದ್ದಾಗ, ಎಚ್‌ಐವಿ ಏಳುವುದು ಅವನು ಕೆಲಸಕ್ಕೆ ಎದ್ದಾಗ.

ಮಾತ್ರೆ ಎಲ್ಲಿ ತಡೆಯುತ್ತದೆ, ಎಲ್ಲಿ ತಡೆಯಲಾರದು

ಇಂದು ನಮ್ಮ ಸರ್ಕಾರಿ ಎಆರ್‌ಟಿ ಕೇಂದ್ರಗಳಲ್ಲಿ ಹೆಚ್ಚಿನವರಿಗೆ ಮೊದಲು ಕೊಡುವ ಮಾತ್ರೆಯಲ್ಲಿ ಟೆನೋಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರವಿರ್ ಎಂಬ ಮೂರು ಔಷಧಗಳಿವೆ. ಮೊದಲೆರಡು ಡಿಎನ್‌ಎಯ ನಕಲಿ ಅಕ್ಷರಗಳು. ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಮೋಸಹೋಗಿ ಅವುಗಳನ್ನು ಎಳೆಗೆ ಸೇರಿಸಿದರೆ ಮುಂದಿನ ಅಕ್ಷರ ಅಂಟಲು ಕೊಂಡಿಯೇ ಇರುವುದಿಲ್ಲ, ಎಳೆ ಅಲ್ಲಿಗೇ ನಿಲ್ಲುತ್ತದೆ. ಮೂರನೆಯದು ಇಂಟಿಗ್ರೇಸನ್ನು ಕಟ್ಟಿಹಾಕುತ್ತದೆ. ಅಂದರೆ ಒಂದೇ ಮಾತ್ರೆ ಪ್ರೋವೈರಸ್ ಆಗುವ ಎರಡೂ ಹೆಜ್ಜೆಗಳಿಗೆ ಅಡ್ಡ ನಿಲ್ಲುತ್ತದೆ.

ಇದರಿಂದ ಹೊಸ ಕೋಶಗಳಿಗೆ ಸೋಂಕು ದಾಟುವುದು ನಿಲ್ಲುತ್ತದೆ. ಈಗಾಗಲೇ ಚುರುಕಾಗಿ ವೈರಸ್ ಹೊರಬಿಡುತ್ತಿರುವ ಕೋಶಗಳು ಸಾಯುತ್ತ ಹೋದಂತೆ ರಕ್ತದಲ್ಲಿನ ವೈರಸ್ ಕೆಲವು ತಿಂಗಳುಗಳಲ್ಲಿ ಪರೀಕ್ಷೆಗೆ ಸಿಗದಷ್ಟು ಇಳಿಯುತ್ತದೆ. ಆ ಮಟ್ಟ ಹಾಗೆಯೇ ಉಳಿದರೆ ಲೈಂಗಿಕ ಸಂಪರ್ಕದಿಂದ ಸೋಂಕು ಇನ್ನೊಬ್ಬರಿಗೆ ಹರಡುವುದಿಲ್ಲ. ಆದರೆ 'ವೈರಲ್ ಲೋಡ್' ಪರೀಕ್ಷೆ ಎಣಿಸುವುದು ರಕ್ತದಲ್ಲಿ ತೇಲುವ ಕಣಗಳ ಆರ್‌ಎನ್‌ಎಯನ್ನು. ವರ್ಣತಂತುವಿನಲ್ಲಿ ಹೊಲಿದುಹೋದ ಡಿಎನ್‌ಎ ಅದಕ್ಕೆ ಕಾಣದು. ಅದನ್ನು ಹುಡುಕುವ ಪರೀಕ್ಷೆ ಬೇರೆಯೇ ಇದೆ. ಸೋಂಕಿತ ತಾಯಿಗೆ ಹುಟ್ಟಿದ ಮಗುವಿನ ರಕ್ತದಲ್ಲಿ ತಾಯಿಯ ಪ್ರತಿಕಾಯಗಳು ತಿಂಗಳುಗಟ್ಟಲೆ ಇರುವುದರಿಂದ ಸಾಮಾನ್ಯ ಪರೀಕ್ಷೆಯ ಫಲಿತಾಂಶವನ್ನು ನಂಬುವಂತಿಲ್ಲ. ಆಗ ಪಿಸಿಆರ್ ವಿಧಾನದಲ್ಲಿ ಮಗುವಿನ ರಕ್ತಕೋಶಗಳೊಳಗೆ ಪ್ರೋವೈರಸ್ಸನ್ನೇ ಹುಡುಕುತ್ತಾರೆ.

ಮಾತ್ರೆ ನಿಲ್ಲಿಸಿದರೆ ಹೆಚ್ಚಿನವರಲ್ಲಿ ಕೆಲವೇ ವಾರಗಳಲ್ಲಿ ವೈರಸ್ ಮರಳುತ್ತದೆ. ವಿಶ್ರಮಿಸುತ್ತಿರುವ ಸಿಡಿ4 ಕೋಶಗಳಲ್ಲಿ ಹತ್ತು ಲಕ್ಷಕ್ಕೆ ಸುಮಾರು ಒಂದರಲ್ಲಿ ಪೂರ್ಣ ವೈರಸ್ಸನ್ನು ಎಬ್ಬಿಸಬಲ್ಲ ಪ್ರೋವೈರಸ್ ಇರುತ್ತದೆ. ಔಷಧದ ಕೆಳಗೆ ಇಂಥ ಕೋಶಗಳ ಸಂಖ್ಯೆ ಅರ್ಧಕ್ಕೆ ಇಳಿಯಲು ಸುಮಾರು 44 ತಿಂಗಳು ಬೇಕು. ಆ ವೇಗದಲ್ಲಿ ಪೂರ್ತಿ ಖಾಲಿಯಾಗಲು 70 ವರ್ಷಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ಜೊತೆಗೆ ಈ ಕೋಶಗಳು ವಿಭಜಿಸಿದಾಗ ಪ್ರೋವೈರಸ್ಸೂ ಎರಡಾಗುತ್ತದೆ. ಆ ನಕಲನ್ನು ಮಾಡುವುದು ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಅಲ್ಲ, ಕೋಶದ ಸ್ವಂತ ಕಿಣ್ವ. ಅದರ ಮೇಲೆ ಮಾತ್ರೆಯ ಹಿಡಿತವಿಲ್ಲ.

ಹಾಗಾದರೆ ಲ್ವೋಫ್ ನೇರಳಾತೀತ ಕಿರಣದಿಂದ ಮಾಡಿದ್ದನ್ನು ಇಲ್ಲೂ ಮಾಡಬಾರದೇ? ಮಲಗಿದವನ್ನೆಲ್ಲ ಒಮ್ಮೆಗೇ ಎಬ್ಬಿಸಿ, ಮಾತ್ರೆಯ ರಕ್ಷಣೆಯಲ್ಲಿ ಆ ಕೋಶಗಳು ಸಾಯುವಂತೆ ಮಾಡುವ ಪ್ರಯತ್ನಗಳು ನಡೆದಿವೆ. ವೊರಿನೊಸ್ಟಾಟ್ ಎಂಬ ಕ್ಯಾನ್ಸರ್ ಔಷಧ ಕೊಟ್ಟಾಗ ಪ್ರೋವೈರಸ್‌ಗಳಿಂದ ಆರ್‌ಎನ್‌ಎ ಹೊರಟದ್ದು ಕಂಡಿತು, ಆದರೆ ಅಡಗಿದ ಕೋಶಗಳ ಸಂಖ್ಯೆ ಗಮನಾರ್ಹವಾಗಿ ಇಳಿಯಲಿಲ್ಲ. ಎದ್ದ ಮಾತ್ರಕ್ಕೆ ಕೋಶ ಸಾಯುವುದಿಲ್ಲ. ಲ್ಯಾಂಬ್ಡಾದಂತೆ ಏಳುವುದಕ್ಕೂ ಒಡೆಯುವುದಕ್ಕೂ ಇಲ್ಲಿ ಗಂಟು ಬಿದ್ದಿಲ್ಲ.

ಈವರೆಗೆ ಗುಣವಾದ ಕೆಲವೇ ಜನರು ಬೇರೆ ದಾರಿಯಲ್ಲಿ ಗುಣವಾದವರು. ಅವರಲ್ಲಿ ಮೊದಲಿಗ ಟಿಮೊಥಿ ರೇ ಬ್ರೌನ್. ರಕ್ತದ ಕ್ಯಾನ್ಸರ್ ಆಗಿದ್ದ ಅವರಿಗೆ 2007ರಲ್ಲಿ ಬರ್ಲಿನ್‌ನಲ್ಲಿ ದಾನಿಯೊಬ್ಬರ ಆಕರಕೋಶಗಳನ್ನು ಕಸಿಮಾಡಿದರು. ಎಚ್‌ಐವಿ ಒಳಹೋಗಲು ಬಳಸುವ ಸಿಸಿಆರ್5 ಎಂಬ ಬಾಗಿಲು ಹುಟ್ಟಿನಿಂದಲೇ ಇಲ್ಲದವರು ಆ ದಾನಿ. ಬ್ರೌನ್‌ರ ಹಳೆಯ ರಕ್ಷಣಾ ಕೋಶಗಳು ಪ್ರೋವೈರಸ್ ಸಮೇತ ಅಳಿದವು, ಹೊಸವಕ್ಕೆ ವೈರಸ್ ನುಗ್ಗಲಾಗಲಿಲ್ಲ. ಪ್ರಾಣಾಪಾಯದ ಈ ಕಸಿಯನ್ನು ಕ್ಯಾನ್ಸರ್ ಇಲ್ಲದವರಿಗೆ ಮಾಡುವಂತಿಲ್ಲ. ಎಲ್ಲರಿಗೂ ಸಲ್ಲುವ ಚಿಕಿತ್ಸೆ ಬೇಕಾದರೆ ಹತ್ತು ಲಕ್ಷದಲ್ಲಿರುವ ಆ ಒಂದು ಕೋಶವನ್ನು ಗುರುತಿಸಲು ಬರಬೇಕು. ಮೌನವಾಗಿರುವ ಪ್ರೋವೈರಸ್ ವೈರಸ್ಸಿನ ಪ್ರೋಟೀನನ್ನು ತಯಾರಿಸುವುದಿಲ್ಲವಾದ್ದರಿಂದ, ದೇಹದ ರಕ್ಷಣಾ ವ್ಯವಸ್ಥೆಗಾಗಲಿ ಔಷಧಕ್ಕಾಗಲಿ ಆ ಕೋಶವನ್ನು ಪಕ್ಕದ ಆರೋಗ್ಯವಂತ ಕೋಶದಿಂದ ಬೇರ್ಪಡಿಸಲು ಸದ್ಯಕ್ಕೆ ಖಚಿತವಾದ ಗುರುತು ಇಲ್ಲ. ಆ ಗುರುತು ಸಿಗುವವರೆಗೆ ದಿನದ ಮಾತ್ರೆಯನ್ನು ತಪ್ಪಿಸುವಂತಿಲ್ಲ.